ಪಾವತಿ ಯಶಸ್ವಿಯಾಗಿದೆ

ಹುಬ್ಬಳ್ಳಿ ಕಡೆ ಪಾವತಿ ಅಂದರೆ ರಸೀದಿ. ದುಡ್ಡು ಕೊಟ್ಟ ಮೇಲೆ ಪುಸ್ತಕದಿಂದ ಹರಿದು ಕೈಗೆ ಕೊಡುವ ಚೀಟಿ. ಬ್ಯಾಂಕಿನವರು, ಸರ್ಕಾರದವರು, ಬೆಂಗಳೂರಿನ ಕಡೆಯವರು ಅದೇ ಶಬ್ದವನ್ನು ದುಡ್ಡು ಕೊಡುವ ಕೆಲಸಕ್ಕೆ ಹಚ್ಚಿದ್ದಾರೆ. ಒಂದೇ ಶಬ್ದಕ್ಕೆ ಎರಡು ಅರ್ಥ ಇದ್ದರೆ ಯಾರ ಗಂಟೇನು ಹೋಗುತ್ತದೆ ಎಂದು ನೀವು ಕೇಳಬಹುದು. ರಾಮಪ್ಪನ ಸೊಸೆಯ ಸೀಟು ಹೋಗುವುದರಲ್ಲಿತ್ತು.

ರಾಮಪ್ಪ ಮೂವತ್ನಾಲ್ಕು ವರ್ಷ ಪಾವತಿ ಹರಿದವನು. ದೇಶಪಾಂಡೆ ನಗರದಲ್ಲಿದ್ದ ಒಂದು ಗೃಹ ನಿರ್ಮಾಣ ಸಹಕಾರಿ ಸಂಘದಲ್ಲಿ ಗುಮಾಸ್ತ. ಸಂಘ ಈಗಿಲ್ಲ, ಆ ಕಟ್ಟಡದಲ್ಲಿ ಕನ್ನಡಕದ ಅಂಗಡಿಯಿದೆ. ಸೈಟಿಗೆ ಕಂತು ತುಂಬುವವರು ಬ್ಯಾಂಕಿನಲ್ಲಿ ದುಡ್ಡು ಕಟ್ಟಿ, ಬ್ಯಾಂಕಿನ ಚೀಟಿ ತಂದು ಕಿಟಕಿಯಲ್ಲಿ ಕೊಡಬೇಕು. ರಾಮಪ್ಪ ತನ್ನ ಪುಸ್ತಕ ನೋಡಿ, ಕಾರ್ಬನ್ ಹಾಳೆ ಸರಿಮಾಡಿ, ಒತ್ತಿ ಒತ್ತಿ ಬರೆದು ಹರಿದು ಕೊಡಬೇಕು. ಅಕ್ಷರ ಮುತ್ತಿನಂಥವು. ಎಡಗಡೆ ಮೂಲೆಯಲ್ಲಿ ತೂತು ಹೊಡೆದು ದಾರ ಪೋಣಿಸುವಾಗ ಅವನ ಮುಖದಲ್ಲಿ ಮದುಮಗನ ಕಳೆ ಬರುತ್ತಿತ್ತು. ನಮ್ಮ ಪುಸ್ತಕದಾಗ ಬಂದಿಲ್ಲ ಅಂದ್ರ ನೀವು ತುಂಬಿಲ್ಲ ಅಂತನ ಲೆಕ್ಕ, ಇದು ಅವನು ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತು. ಕೇಶ್ವಾಪುರದ ಹುಸ್ನಾ ಎಂಬ ಹೊಲಿಗೆಯವಳಿಗೂ ಇದನ್ನೇ ಹೇಳಿದ್ದ. ಆಕೆ ಕೊನೆಯ ಕಂತಿನ ಚೀಟಿ ಹಿಡಿದು ಕೊನೆಯ ದಿನ ಬಂದಿದ್ದಳು. ಸಂಘದ ಪುಸ್ತಕದಲ್ಲಿ ಅದು ಇನ್ನೂ ಏರಿರಲಿಲ್ಲ. ಸೈಟು ಪಟ್ಟಿಯಲ್ಲಿ ಮುಂದಿನವರ ಪಾಲಾಯಿತು. ನಾಲ್ಕು ತಿಂಗಳಿಗೆ ಆಕೆಯ ದುಡ್ಡು ಆಕೆಗೆ ವಾಪಸ್ ಬಂತು, ಸೈಟು ಬರಲಿಲ್ಲ. ಇದನ್ನು ರಾಮಪ್ಪ ತನ್ನ ಕಟ್ಟುನಿಟ್ಟಿಗೆ ಸಾಕ್ಷಿಯೆಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಚಹಾ ಕುಡಿಯುತ್ತ ಅವರೂ ತಲೆಯಾಡಿಸುತ್ತಿದ್ದರು.

ನಿವೃತ್ತನಾದ ಮೇಲೆ ಅವನ ಮನೆಯಲ್ಲಿ ಉಳಿದವರು ಮೂವರು. ಮಗ ಅಂಬರೀಷ ಕಾಮಾಲೆಯಲ್ಲಿ ತೀರಿಕೊಂಡು ಮೂರು ವರ್ಷ. ಸೊಸೆ ಸುಜಾತಾ, ಏಳು ವರ್ಷದ ಮೊಮ್ಮಗಳು ಪೂನಮ್, ರಾಮಪ್ಪ. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ, ಅದರ ಪಕ್ಕ ಅಂಬರೀಷನದು. ಸುಜಾತಾ ಒಂದು ಖಾಸಗಿ ಶಾಲೆಯಲ್ಲಿ ಕಲಿಸುತ್ತಿದ್ದಳು. ಎರಡು ವರ್ಷದ ನಂತರ ಬಿ.ಎಡ್. ಇಲ್ಲದವರನ್ನು ಇಟ್ಟುಕೊಳ್ಳುವುದಿಲ್ಲ ಎಂದು ಅಲ್ಲಿ ಹೇಳಿಬಿಟ್ಟಿದ್ದರು. ರಾತ್ರಿ ಪೂನಮ್ ಮಲಗಿದ ಮೇಲೆ ಓದಿ, ಅರ್ಜಿ ಹಾಕಿ, ಕೊನೆಯ ಸುತ್ತಿನಲ್ಲಿ ಧಾರವಾಡದ ಒಂದು ಸರ್ಕಾರಿ ಕಾಲೇಜಿನಲ್ಲಿ ಸೀಟು ಗಿಟ್ಟಿಸಿದಳು. ಖಾಸಗಿ ಕಾಲೇಜಿನ ಫೀ ಅವರಿಂದ ಈ ಜನ್ಮದಲ್ಲಿ ಆಗುವ ಮಾತಲ್ಲ. ಈ ಸೀಟು ಹೋದರೆ ಮುಂದೆ ಕೆಲಸವೂ ಇಲ್ಲ. ಇಷ್ಟೇ ಸಂಗತಿ, ಇದರ ಮೇಲೆಯೇ ಎಲ್ಲವೂ ನಿಂತಿತ್ತು.

ಫೀ ತುಂಬಿದ್ದು ಶುಕ್ರವಾರ ಸಂಜೆ. ಸೋಮವಾರ ನಾಲ್ಕು ಗಂಟೆಯೊಳಗೆ ಕಾಲೇಜಿನಲ್ಲಿ ಹಾಜರಾಗಬೇಕು. ಸುಜಾತಾ ಮಾವನ ಮೊಬೈಲಿನಲ್ಲಿ ಪ್ರವೇಶದ ಪೋರ್ಟಲ್ ತೆರೆದು, ವಿವರ ತುಂಬಿ, ಬ್ಯಾಂಕಿನ ಪುಟದವರೆಗೆ ತಂದು ಕೊಟ್ಟಳು. ಖಾತೆ ಅವನದು, ಪಾಸ್‌ವರ್ಡ್ ಅವನದು. ಅಷ್ಟರಲ್ಲಿ ಪೂನಮ್ ಒಳಗೆ ಹಾಲು ಚೆಲ್ಲಿದಳು, ಸುಜಾತಾ ಒಳಗೆ ಹೋದಳು. ರಾಮಪ್ಪ ಒಂದೊಂದೇ ಅಕ್ಷರ ಒತ್ತಿದ. ತುಸು ಹೊತ್ತಿಗೆ ಪರದೆಯ ಮೇಲೆ ಹಸಿರು ಗುರುತು ಬಂದು, ಕೆಳಗೆ ಕನ್ನಡದಲ್ಲಿ ಬರೆದು ಬಂತು: ಪಾವತಿ ಯಶಸ್ವಿಯಾಗಿದೆ.

ಅವನು ಕನ್ನಡಕ ಏರಿಸಿ ಎರಡು ಸಲ ಓದಿದ. ಪಾವತಿ ಬಂದೇಬಿಟ್ಟಿತು, ಅದೂ ಯಶಸ್ವಿಯಾಗಿ. ಮೂವತ್ನಾಲ್ಕು ವರ್ಷದಲ್ಲಿ ಅವನು ಹರಿದ ಪಾವತಿಗಳ ಮೇಲೆ ಯಾರೂ ಹೀಗೆ ಬರೆದಿರಲಿಲ್ಲ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ದಯವಿಟ್ಟು ಕಾಯಿರಿ, ನಿಮ್ಮನ್ನು ಮೂಲ ಪುಟಕ್ಕೆ ಕರೆದೊಯ್ಯಲಾಗುತ್ತಿದೆ, ಈ ಪುಟ ಮುಚ್ಚಬೇಡಿ ಎಂದಿತ್ತು. ಸಣ್ಣ ಅಕ್ಷರ ಅವನಿಗೆ ಕಾಣಲಿಲ್ಲ. ಕಂಡಿದ್ದರೂ ಮುಚ್ಚದೆ ಬಿಡುತ್ತಿರಲಿಲ್ಲ, ಪುಟ ಹಾಗೇ ಇಟ್ಟರೆ ಇನ್ನೊಮ್ಮೆ ದುಡ್ಡು ಕಡಿಯುತ್ತಾರೆಂದು ಓಣಿಯ ಬಸಣ್ಣ ಹೆದರಿಸಿದ್ದ. ಅದೇ ಬಸಣ್ಣ ಕಲಿಸಿದ ಹಾಗೆ ಎರಡು ಗುಂಡಿ ಕೂಡಿಸಿ ಒತ್ತಿ ಸ್ಕ್ರೀನ್‌ಶಾಟ್ ತೆಗೆದ, ಪುಟ ಮುಚ್ಚಿದ.

ಮರುದಿನ ಬೆಳಗ್ಗೆ ಅಂಗಡಿಗೆ ಹೋಗಿ ಬಣ್ಣದಲ್ಲಿ ಪ್ರಿಂಟ್ ಹಾಕಿಸಿದ. ಕಾರ್ಬನ್ ಪ್ರತಿಗಳು ಮಸುಕಾಗಿ ಜನ ಜಗಳ ಆಡುವುದನ್ನು ಕಂಡವನು, ಅದಕ್ಕೆ ಲ್ಯಾಮಿನೇಶನ್ ಕೂಡ ಮಾಡಿಸಿದ. ಮನೆಗೆ ಬಂದು ಹಳೆಯ ಪಂಚ್ ಹುಡುಕಿ ಎಡಮೂಲೆಗೆ ತೂತು ಹೊಡೆದ, ದಾರ ಹಾಕಿದ. ಪಟ್ಟಾಗಿ ಕೂತು ನೋಡಿದ.

ಸುಜಾತಾ ಅದನ್ನು ನೋಡಿ ಪ್ರವೇಶದ ಸೂಚನೆಯ ಹಾಳೆ ತಂದಳು. ಆಮೇಲೆ ಮೆಲ್ಲಗೆ ಅಂದಳು:

"ಮಾವಾರ, ಸೂಚನಾದಾಗ ಬ್ಯಾರೇನೋ ಐತ್ರಿ. ಮತ್ತ ಪೋರ್ಟಲ್‌ದಾಗ ಹೋಗಿ ರಸೀದಿ ಡೌನ್‌ಲೋಡ್ ಮಾಡ್ಕೋಬೇಕಂತ."

"ಮತ್ತ ಇದೇನವಾ?"

"ಇದು ಬ್ಯಾಂಕಿಂದು ಅನಸ್ತದ್ರಿ. ಅವರ ಪೋರ್ಟಲ್‌ದ್ದು ಬ್ಯಾರೆ ಇರ್ತದಂತ."

"ಪಾವತಿ ಅಂತ ದಪ್ಪ ಅಕ್ಷರದಾಗ ಬರದಾರ, ಓದು. ನನಗ ಪಾವತಿ ಕಲಸ್ತೀ ಏನ್ ನೀನು?"

ಅವಳು ತಾನಾಗಿ ಪೋರ್ಟಲ್ ತೆರೆದು ನೋಡುವುದನ್ನೂ ಬಿಟ್ಟಳು. ಗಂಡ ಸತ್ತ ಮೇಲೂ ತವರಿಗೆ ಕಳಿಸದೆ, ಓದು ಎಂದು ಪುಸ್ತಕ ತಂದುಕೊಟ್ಟ ಮಾವ. ಅಂಥವನ ಮುಂದೆ ಎರಡನೆಯ ಮಾತು ಆಡುವುದು ಹೇಗೆ? ಅದು ಎರಡನೆಯ ಶನಿವಾರ, ಬ್ಯಾಂಕಿಗೂ ಕಚೇರಿಗೂ ರಜೆ. ಮರುದಿನ ರವಿವಾರ.

ಸೋಮವಾರ ಪೂನಮ್‌ಳನ್ನು ಬಸಣ್ಣನ ಮನೆಯಲ್ಲಿ ಬಿಟ್ಟು, ಇಬ್ಬರೂ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಬಂದರು. ಕಾಲೇಜಿನ ವರಾಂಡದಲ್ಲಿ ಸಾಲು ಉದ್ದಕ್ಕಿತ್ತು. ಮೇಜಿನ ಹತ್ತಿರ ತಲುಪುವ ಹೊತ್ತಿಗೆ ಗಡಿಯಾರದಲ್ಲಿ ಮೂರೂ ಹತ್ತು. ಮೇಜಿನ ಹಿಂದೆ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದ ಗುಮಾಸ್ತನ ಹೆಸರು ಲೋಹಿತ, ತುಮಕೂರಿನ ಕಡೆಯವನು, ಬಂದು ಆರು ತಿಂಗಳಾಗಿತ್ತು. ಅಂಕಪಟ್ಟಿ ನೋಡಿದ, ಜಾತಿ ಪ್ರಮಾಣಪತ್ರ ನೋಡಿದ, ಎಲ್ಲಕ್ಕೂ ಸರಿ ಅಂದ.

"ಫೀ ರಸೀದಿ ಕೊಡಿ ಮೇಡಂ."

ರಾಮಪ್ಪ ಮುಂದೆ ಬಂದು, ಲ್ಯಾಮಿನೇಶನ್ ಮಾಡಿಸಿದ್ದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಲೋಹಿತ ಅದನ್ನು ತಿರುಗಿಸಿ ನೋಡಿದ.

"ಇದು ಪಾವತಿ ಆಗಿದೆ ಅಂತ ಬಂದಿರೋದು. ರಸೀದಿ ಎಲ್ಲಿ?"

"ಇದ ಪಾವತಿ ರೀ."

"ಹೌದು ಸಾರ್, ಪಾವತಿ ಆಗಿದೆ, ಒಪ್ಕೋತೀನಿ. ರಸೀದಿ ಕೊಡಿ."

"ಅದನ್ನ ಕೊಟ್ಟೇನಲ್ರಿ. ಪಾವತಿ ನಿಮ್ಮ ಕೈಯಾಗ ಐತಿ."

"ನನ್ನ ಕೈಲಿರೋದು ಪಾವತಿ. ನಾನು ಕೇಳ್ತಿರೋದು ರಸೀದಿ."

ಹಿಂದಿನವರು ನಕ್ಕರು. ರಾಮಪ್ಪನಿಗೆ ಸಿಟ್ಟು ಬಂತು, ಹುಡುಗ ತನ್ನನ್ನು ಆಡಿಸುತ್ತಿದ್ದಾನೆ ಅನಿಸಿತು. ಲೋಹಿತನಿಗೂ ಮುದುಕ ತಲೆ ತಿನ್ನುತ್ತಿದ್ದಾನೆ ಅನಿಸಿತು. ಇಬ್ಬರ ನಡುವೆ ಇದ್ದದ್ದು ಒಂದು ಶಬ್ದ, ಅದು ಇಬ್ಬರಿಗೂ ಗೊತ್ತಿರಲಿಲ್ಲ. ಸುಜಾತಾ ನಡುವೆ ಬಂದು, ನಮ್ಮ ಕಡೆ ರಸೀದಿಗೇ ಪಾವತಿ ಅಂತಾರ್ರಿ ಸರ ಎಂದಾಗ ಲೋಹಿತನ ದನಿ ಇಳಿಯಿತು.

"ಸಾರ್, ಇದು ಬ್ಯಾಂಕಿನ ಪುಟದ ಫೋಟೋ. ದುಡ್ಡು ನಿಮ್ಮ ಖಾತೆಯಿಂದ ಹೋಗಿದೆ ಅಂತ ಮಾತ್ರ ಹೇಳುತ್ತೆ, ಪೋರ್ಟಲ್‌ಗೆ ಬಂದಿದೆ ಅಂತಲ್ಲ. ಫೋಟೋನ ಯಾರು ಬೇಕಾದ್ರೂ ತಿದ್ದಬಹುದು, ಹೋದ ವರ್ಷ ಇಬ್ಬರು ತಿದ್ದಿಕೊಂಡೇ ಬಂದಿದ್ರು. ಪೋರ್ಟಲ್‌ನಿಂದ ಇಳಿಸಿದ ರಸೀದಿಯಲ್ಲಿ ರಸೀದಿ ನಂಬರ್ ಇರುತ್ತೆ. ಅದನ್ನ ಹಾಕಿದ್ರೇ ನನಗೆ ಪ್ರವೇಶದ ಗುಂಡಿ ತೆರೆಯೋದು. ಇಲ್ಲಿ ನೋಡಿ."

ಅವನು ಪರದೆ ತಿರುಗಿಸಿದ. ಸುಜಾತಾಳ ಹೆಸರಿನ ಮುಂದೆ ಕೆಂಪಕ್ಷರದಲ್ಲಿ ಶುಲ್ಕ ಬಾಕಿ ಎಂದಿತ್ತು.

"ನಮ್ಮಲ್ಲಿ ಬಂದಿಲ್ಲ ಸಾರ್. ಬಂದಿಲ್ಲ ಅಂದ್ರೆ ಕಟ್ಟಿಲ್ಲ ಅಂತಲೇ ಲೆಕ್ಕ."

ಈ ಮಾತು ರಾಮಪ್ಪನಿಗೆ ಗೊತ್ತಿತ್ತು. ಕಿಟಕಿಯ ಆ ಕಡೆಯಿಂದ ಗೊತ್ತಿತ್ತು, ಈ ಕಡೆ ನಿಂತು ಕೇಳಿದ್ದು ಇದೇ ಮೊದಲು.

"ನಾಲ್ಕಕ್ಕೆ ನನ್ನ ಲಾಗಿನ್ ತಾನಾಗೇ ಬಂದ್ ಆಗುತ್ತೆ. ಆಮೇಲೆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತೆ, ನಾನು ಅತ್ತರೂ ಬರಲ್ಲ. ಬೇಗ ಹೋಗಿ, ನಿಮ್ಮ ಲಾಗಿನ್‌ನಿಂದ ರಸೀದಿ ಇಳಿಸ್ಕೊಂಡು ಬನ್ನಿ. ಮೇಡಂ ಇಲ್ಲೇ ಪಕ್ಕದಲ್ಲಿ ನಿಂತಿರಲಿ."

ಸುಜಾತಾ ತನ್ನ ಮೊಬೈಲಿನಲ್ಲಿ ಪೋರ್ಟಲ್ ತೆರೆದಳು. ಆ ಹಳೆಯ ದಪ್ಪ ಗೋಡೆಗಳ ನಡುವೆ ಕರೆ ಬರುವಷ್ಟು ಸಿಗ್ನಲ್ ಇತ್ತೇ ಹೊರತು ಪುಟ ತೆರೆಯುವಷ್ಟಿರಲಿಲ್ಲ. ಚಕ್ರ ತಿರುಗಿತು, ತಿರುಗಿತು, ಬಿಳಿ ಪುಟದಲ್ಲೇ ನಿಂತಿತು. ಅವಳು ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಮಾವನ ಕೈಗಿಟ್ಟಳು.

"ಎದುರಿಗೆ ಆನ್‌ಲೈನ್ ಸೆಂಟರ್ ಐತ್ರಿ. ಒ.ಟಿ.ಪಿ. ನನ್ನ ನಂಬರಿಗೆ ಬರ್ತದ, ಫೋನ್ ಮಾಡ್ರಿ, ಹೇಳ್ತೀನಿ. ಲಗೂ ಹೋಗ್ರಿ ಮಾವಾರ."

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಶನಿವಾರ ಹೇಳಿದ್ದೆನಲ್ಲ ಎಂದು ಅಂದಿದ್ದರೆ ರಾಮಪ್ಪನಿಗೆ ಸ್ವಲ್ಪ ಹಗುರಾಗುತ್ತಿತ್ತು.

ಆನ್‌ಲೈನ್ ಸೆಂಟರ್ ಎಂದರೆ ರಸ್ತೆಯಾಚೆ ಅಬೀದಾ ಎಂಬಾಕೆಯ ಝೆರಾಕ್ಸ್ ಅಂಗಡಿ. ಅಲ್ಲಿಯೂ ಏಳೆಂಟು ಜನ. ಅರವತ್ತಾರರ ರಾಮಪ್ಪ ಏದುಸಿರು ಬಿಡುತ್ತ, ಯಾರನ್ನೂ ಕೇಳದೆ ಮುಂದೆ ನುಗ್ಗಿದ. ಹಿಂದೆ ಅವನ ಕಿಟಕಿಯಲ್ಲಿ ಹೀಗೆ ನುಗ್ಗಿದವರನ್ನು ಅವನು ಸಾಲಿನ ತುದಿಗೆ ಅಟ್ಟುತ್ತಿದ್ದ.

"ಯವ್ವಾ, ಕೈ ಮುಗೀತೀನಿ. ನಾಕಕ್ಕ ನಮ್ಮ ಸೊಸಿ ಸೀಟ ಹೋಗತೈತಿ."

ಅಬೀದಾ ಅವನ ಮುಖ ನೋಡಿದಳು, ಎದುರಿಗಿದ್ದವನಿಗೆ ಐದು ನಿಮಿಷ ನಿಲ್ಲು ಅಂದಳು. "ಕೂಡ್ರಿ ಕಾಕಾ. ಪಾಸ್‌ವರ್ಡ್ ಕೊಡ್ರಿ."

ಕೊನೆಯ ದಿನ, ಇಡೀ ರಾಜ್ಯವೇ ಆ ಪೋರ್ಟಲ್ ಮೇಲೆ ಬಿದ್ದಿತ್ತು. ಪುಟ ತೆರೆಯಲು ಎಂಟು ನಿಮಿಷ. ಒ.ಟಿ.ಪಿ. ಕಳಿಸಿದ್ದೇವೆ ಎಂದು ಬಂತು. ರಾಮಪ್ಪ ಫೋನ್ ಹಚ್ಚಿದ, ಸುಜಾತಾ ಒಂದೊಂದೇ ಅಂಕಿ ಹೇಳಿದಳು, ಅಬೀದಾ ಒತ್ತಿದಳು. ಅವಧಿ ಮುಗಿದಿದೆ. ಮತ್ತೆ ಕಳಿಸಿದರು. ಎರಡನೆಯದು ಬರಲು ಮತ್ತೆ ಆರು ನಿಮಿಷ. ಗೋಡೆಯ ಗಡಿಯಾರದಲ್ಲಿ ಮೂರೂವರೆ ದಾಟಿತು. ಕಡೆಗೆ ಒಳಗಿನ ಪುಟ ಬಂತು. ಅಲ್ಲೂ ಶುಲ್ಕ ಬಾಕಿ. ಕೆಳಗೆ ಎರಡು ಗುಂಡಿ: ಮತ್ತೆ ಪಾವತಿಸಿ, ಸ್ಥಿತಿ ಪರಿಶೀಲಿಸಿ.

"ಮತ್ತ ತುಂಬಿಬಿಡವಾ. ಖಾತೇದಾಗ ಇನ್ನೊಂದಿಷ್ಟು ಐತಿ. ಹೋದರ ಹೋಗಲಿ."

"ಬ್ಯಾಡ್ರಿ ಕಾಕಾ. ಎರಡನೇದ್ದೂ ಹಿಂಗ ನಡುವ ನಿಂತ್ರ ಏನ್ ಮಾಡ್ತೀರಿ? ಮದ್ಲ ನೀವು ಪುಟ ಮುಚ್ಚಿರಬೇಕು, ಬ್ಯಾಂಕಿನ ಉತ್ತರ ಇವರಿಗೆ ಮುಟ್ಟಿಲ್ಲ. ಈಗ ನಾವ ಕೇಳೂಣು. ಬ್ಯಾಂಕಿನ ರೆಫರೆನ್ಸ್ ನಂಬರ್ ಐತೇನ್ರಿ?"

ರಾಮಪ್ಪ ಲ್ಯಾಮಿನೇಶನ್ ಚಾಚಿದ. ಅಬೀದಾ ಹೊಳಪು ತಪ್ಪಿಸಿ, ವಾಲಿಸಿ ಓದತೊಡಗಿದಳು. ಓದುತ್ತ ಓದುತ್ತ ನಿಂತಳು. ನಂಬರು ಎಡಮೂಲೆಯಲ್ಲಿತ್ತು. ಮೊದಲೆರಡು ಅಂಕಿಗಳಿದ್ದ ಜಾಗದಲ್ಲಿ ರಾಮಪ್ಪ ಹೊಡೆದ ತೂತು ಇತ್ತು, ತೂತಿನಲ್ಲಿ ದಾರ ಇತ್ತು.

ಅವನು ತೂತನ್ನೇ ನೋಡಿದ. ಅಂಬರೀಷ ದವಾಖಾನೆಯಲ್ಲಿ ಕೈ ಹಿಡಿದುಕೊಂಡು, ಸುಜಾತಾಳ ಓದು ಬಿಡಿಸಬ್ಯಾಡಪ್ಪಾ ಎಂದಿದ್ದ. ಬಿಡಿಸಿದ್ದು ಬಡತನವಲ್ಲ, ಯಾವ ಶತ್ರುವೂ ಅಲ್ಲ. ತಾನು, ತನ್ನ ಪಂಚು. ಈ ಮಾತು ಮಗನ ಫೋಟೋದ ಮುಂದೆ ಹೇಗೆ ಹೇಳುವುದು?

"ಕಾಕಾ, ಫೋಟೋ ಮೊಬೈಲ್‌ನ್ಯಾಗ ಇರಬೇಕಲ್ರಿ, ಹುಡುಕ್ರಿ."

ಹೌದಲ್ಲ. ಅವನು ಗ್ಯಾಲರಿ ತೆರೆದ. ಶುಭೋದಯದ ಗುಲಾಬಿ, ಶುಭೋದಯದ ಸೂರ್ಯ, ಬಸಣ್ಣ ಕಳಿಸಿದ ಮಧುಮೇಹದ ಮದ್ದು, ಮತ್ತೆ ಗುಲಾಬಿ. ಮೂರು ದಿನದ ಶುಭೋದಯಗಳ ಕೆಳಗೆ ಹಸಿರು ಗುರುತು ಸಿಕ್ಕಿತು. ಅಬೀದಾ ಅಂಕಿ ಹಾಕಿ, ಸ್ಥಿತಿ ಪರಿಶೀಲಿಸಿ ಎಂಬುದನ್ನು ಒತ್ತಿದಳು. ಮೂರೂ ನಲವತ್ತೊಂಬತ್ತು.

ಚಕ್ರ ತಿರುಗತೊಡಗಿತು. ಅಂಗಡಿಯಲ್ಲಿದ್ದವರೆಲ್ಲ ತಮ್ಮ ಕೆಲಸ ಬಿಟ್ಟು ಅದನ್ನೇ ನೋಡಿದರು. ರಾಮಪ್ಪ ದೇವರನ್ನು ಬೇಡುವ ಪೈಕಿ ಅಲ್ಲ, ಆದರೂ ಯಾರನ್ನೋ ಬೇಡಿದ. ಮೂರೂ ಐವತ್ತಮೂರಕ್ಕೆ ಕೆಂಪಕ್ಷರ ಹೋಗಿ ಶುಲ್ಕ ಸ್ವೀಕರಿಸಲಾಗಿದೆ ಎಂದು ಬಂತು. ಅದರ ಪಕ್ಕದಲ್ಲಿ ಅಲ್ಲಿಯವರೆಗೆ ಇಲ್ಲದಿದ್ದ ಇನ್ನೊಂದು ಗುಂಡಿ: ರಸೀದಿ ಡೌನ್‌ಲೋಡ್.

ಅಬೀದಾ ಇಳಿಸಿದಳು, ಪ್ರಿಂಟ್ ಕೊಟ್ಟಳು. ಬಣ್ಣವಿಲ್ಲ, ಹಸಿರು ಗುರುತಿಲ್ಲ. ಮೇಲೆ ಇಲಾಖೆಯ ಹೆಸರು, ರಸೀದಿ ನಂಬರು, ಸುಜಾತಾಳ ಹೆಸರು, ಕೆಳಗೆ ಕಪ್ಪು ಚುಕ್ಕೆಗಳ ಚೌಕ. ಕಾಗದ ಯಂತ್ರದಿಂದ ಪೂರ್ತಿ ಹೊರಬರುವ ಮೊದಲೇ ರಾಮಪ್ಪ ಅದನ್ನು ಎಳೆದುಕೊಂಡು ಓಡಿದ. ಅವನ ಮೊಬೈಲು ಅಂಗಡಿಯ ಮೇಜಿನ ಮೇಲೇ ಉಳಿಯಿತು, ಸುಜಾತಾ ಇನ್ನೂ ಕರೆಯಲ್ಲಿದ್ದಳು. ಕಾಕಾ, ತಡೀರಿ ಎಂದು ಅಬೀದಾ ಕೂಗಿದ್ದು ಅವನಿಗೆ ಕೇಳಲಿಲ್ಲ.

ರಸ್ತೆ ದಾಟಲು ಆಗಲಿಲ್ಲ. ಒಂದು ಟ್ರ್ಯಾಕ್ಟರ್, ಅದರ ಹಿಂದೆ ಎರಡು ಬಸ್ಸು, ನಡುವೆ ಸಂದು ಕೊಡದ ಬೈಕುಗಳು. ಕಾಲೇಜಿನ ಗೇಟು ಮುಟ್ಟುವ ಹೊತ್ತಿಗೆ ಕಾಲು ಸೋತಿದ್ದವು, ಮೆಟ್ಟಿಲಲ್ಲಿ ಒಂದು ಚಪ್ಪಲಿ ಬಿಟ್ಟುಹೋಯಿತು. ವರಾಂಡದ ಗಡಿಯಾರ ನಾಲ್ಕೂ ಮೂರು ತೋರಿಸುತ್ತಿತ್ತು. ಸಾಲು ಕರಗಿತ್ತು. ಲೋಹಿತ ಕಂಪ್ಯೂಟರ್ ಮುಚ್ಚಿ ಎದ್ದು ನಿಂತಿದ್ದ.

"ಪಾವತಿ ತಂದೇನ್ರಿ," ಅಂದ ರಾಮಪ್ಪ. ಕಾಗದ ಮೇಲೆತ್ತಿ ಇನ್ನೊಮ್ಮೆ ಅಂದ. "ಖರೇ ಪಾವತಿ ತಂದೇನ್ರಿ ಸಾಹೇಬ್ರ. ಮೂರು ನಿಮಿಷರೀ. ಬರೇ ಮೂರು ನಿಮಿಷ."

ಲೋಹಿತ ಏನೋ ಹೇಳಲು ಬಾಯಿ ತೆರೆದ. ರಾಮಪ್ಪ ಬಿಡಲಿಲ್ಲ. ಕಾಗದವನ್ನು ಮೇಜಿನ ಮೇಲಿಟ್ಟು, ತಪ್ಪು ನನ್ನದು, ಆಕೀದಲ್ಲ, ಆಕಿ ಶನಿವಾರನ ಹೇಳಿದ್ಳು, ನಾನು ಕೇಳಲಿಲ್ಲ ಎಂದು ಎಲ್ಲರ ಮುಂದೆ ಅತ್ತ. ಮೂವತ್ನಾಲ್ಕು ವರ್ಷ ಕಿಟಕಿಯಲ್ಲಿ ಕೂತು ಅಳುವವರನ್ನು ಕಂಡವನಿಗೆ, ಅಳುವಾಗ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಮಾವಾರ." ಸುಜಾತಾ ಪಕ್ಕದ ಕೋಣೆಯಿಂದ ಬಂದಳು, ಕೈಯಲ್ಲಿ ಅವಳದೇ ಸಹಿ ಇದ್ದ ಕಾಗದ. "ಆತ್ರಿ. ಪ್ರವೇಶ ಆತು. ಐದು ನಿಮಿಷ ಇರೂದರಾಗನ ಆತು."

ಅವನು ಮೇಜಿನ ಮೇಲಿಟ್ಟ ತನ್ನ ಕಾಗದ ನೋಡಿದ, ಅವಳ ಕೈಯಲ್ಲಿದ್ದುದನ್ನು ನೋಡಿದ.

"ಅಬೀದಾ ಅಕ್ಕಾರು ಫೋನ್‌ನ್ಯಾಗ ರಸೀದಿ ನಂಬರ್ ಓದಿ ಹೇಳಿದ್ರು. ಸರ ಹಾಕಿ ನೋಡಿದ್ರು, ಇಲ್ಲಿ ಸ್ಕ್ರೀನ್ ಮ್ಯಾಲೂ ಬಂದಿತ್ತು."

"ನಂಬರ್ ಸಾಕಾಗಿತ್ತು ಸಾರ್," ಅಂದ ಲೋಹಿತ, ಮುಜುಗರದಿಂದ. "ಈ ಕಾಗದ ಫೈಲಿಗೆ ಬೇಕು, ಕೊಟ್ಟಿರಿ. ಕೂತ್ಕೊಳ್ಳಿ, ನೀರು ತರಿಸ್ತೀನಿ."

ರಾಮಪ್ಪ ನೀರು ಕುಡಿದ. ಸುಜಾತಾ ಮೆಟ್ಟಿಲಿಗೆ ಹೋಗಿ ಅವನ ಚಪ್ಪಲಿ ತಂದು ಕಾಲ ಹತ್ತಿರ ಇಟ್ಟಳು. ಇಬ್ಬರೂ ಅಬೀದಾಳ ಅಂಗಡಿಗೆ ಹೋಗಿ ಮೊಬೈಲು, ಲ್ಯಾಮಿನೇಶನ್ ಎರಡನ್ನೂ ತೆಗೆದುಕೊಂಡರು. ಪ್ರಿಂಟಿನ ಐದು ರೂಪಾಯಿ ಬಿಟ್ಟು ಹೆಚ್ಚು ಮುಟ್ಟಲು ಅಬೀದಾ ಒಪ್ಪಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಸುಜಾತಾ ಪೂನಮ್‌ಗೆ ಫೋನ್ ಮಾಡಿ ನಕ್ಕಳು, ಮೂರು ವರ್ಷದಲ್ಲಿ ಅವಳು ಹಾಗೆ ನಕ್ಕಿರಲಿಲ್ಲ. ರಾಮಪ್ಪ ಆ ಹೊಳೆಯುವ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಒಂದು ನಂಬರು ಹಾಕಿ ಕೇಳಿದರೆ ಬ್ಯಾಂಕು ಹೌದು ಅಂದಿತ್ತು. ನಾಲ್ಕು ನಿಮಿಷದ ಕೆಲಸ. ಸಂಘದ ಮೇಜಿನ ಮೇಲೂ ಒಂದು ಫೋನಿತ್ತು, ಕಪ್ಪು ಬಣ್ಣದ್ದು. ಬ್ಯಾಂಕು ಎರಡು ಓಣಿ ಆಚೆ ಇತ್ತು.

ನವನಗರ ದಾಟಿತು, ಅಮರಗೋಳ ದಾಟಿತು. ಸುಜಾತಾ ಫೋನಿಟ್ಟು ಅವನ ಕಡೆ ತಿರುಗಿದಳು.

"ಎಲ್ಲಾ ಛಲೋ ಆತಲ್ರಿ ಮಾವಾರ. ಇನ್ನ್ಯಾಕ ಅಳಾಕತ್ತೀರಿ?"

ಅವನು ಹೊರಗೆ ನೋಡುತ್ತ ಹೇಳಿದ.

"ಹುಸ್ನಾನ ಚೀಟಿ ಮ್ಯಾಲೂ ನಂಬರ್ ಇತ್ತವಾ. ಬ್ಯಾಂಕಿಗೆ ಫೋನ್ ಹಚ್ಚಿ ಕೇಳ್ರಿ ಸಾಹೇಬ್ರ ಅಂತ ಆಕಿ ಎರಡ ಸಲ ಅಂದಿದ್ಳು."